ತೋಟದ ಮೇಲೆ ಹಾರಿದ ಮಂಗಟ್ಟೆ ನಿಜವೋ ಅಂಟಿಸಿದ್ದೋ? ಲೆನ್ಸಿನ ಬಣ್ಣದ ಅಂಚು ನೋಡಿ ಪತ್ತೆ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಫೋಟೋ ಸ್ಪರ್ಧೆಗಳಿಗೆ ಬರುವ ಚಿತ್ರಗಳನ್ನು ತೀರ್ಪುಗಾರರ ಮುಂದಿಡುವ ಮೊದಲು ಒಮ್ಮೆ ಜಾಲಾಡುವ ಕೆಲಸ ನನ್ನದು. "ಇದು ಅಂಟಿಸಿದ ಚಿತ್ರ ಅಂತ ಹೇಗೆ ಹೇಳ್ತೀರಿ?" ಎಂದು ಚಿತ್ರ ಕಳಿಸಿದವರೂ ಕೇಳುತ್ತಾರೆ, ತೀರ್ಪುಗಾರರೂ ಕೇಳುತ್ತಾರೆ. ಇದಕ್ಕೆ ಹಲವು ದಾರಿಗಳಿವೆ. ಇಲ್ಲಿ ಒಂದನ್ನು ಮಾತ್ರ ಬಿಡಿಸಿ ಹೇಳಿದ್ದೇನೆ: ಲೆನ್ಸು ತಾನಾಗಿಯೇ ಚಿತ್ರದ ಮೇಲೆ ಬಿಟ್ಟುಹೋಗುವ ಬಣ್ಣದ ಅಂಚು, ಅದರ ಜೊತೆಗೆ ಗೆರೆಗಳ ಬಾಗು.

ಬಣ್ಣದ ಅಂಚು ಅಂದರೆ ಯಾವುದು? ಎಲ್ಲಿಂದ ಬರುತ್ತದೆ?

ಮಳೆಗಾಲದ ಬಿಳಿ ಆಕಾಶದ ಎದುರು ಅಡಿಕೆ ಮರಗಳನ್ನು ವೈಡ್ ಲೆನ್ಸಿನಲ್ಲಿ ತೆಗೆದು, ಚಿತ್ರದ ಮೂಲೆಯನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಕಪ್ಪಾಗಿ ಕಾಣುವ ಮರದ ಒಂದು ಮಗ್ಗುಲಲ್ಲಿ ಸಣ್ಣ ಕೆಂಪು ಗೆರೆ, ಇನ್ನೊಂದು ಮಗ್ಗುಲಲ್ಲಿ ಹಸಿರು ಬೆರೆತ ತಿಳಿನೀಲಿ ಗೆರೆ ಕಾಣುತ್ತದೆ. ಮರಕ್ಕೆ ಆ ಬಣ್ಣವಿಲ್ಲ, ಆಕಾಶಕ್ಕೂ ಇಲ್ಲ. ಅದು ಲೆನ್ಸಿನ ಕೆಲಸ.

ಗಾಜು ಎಲ್ಲ ಬಣ್ಣದ ಬೆಳಕನ್ನೂ ಒಂದೇ ಅಳತೆಗೆ ಬಾಗಿಸುವುದಿಲ್ಲ. ಲೆನ್ಸುಗಳಲ್ಲಿ ಸಾಮಾನ್ಯವಾಗಿ ಬಳಸುವ ಬಿ.ಕೆ.7 ಗಾಜಿನ ವಕ್ರೀಭವನ ಸೂಚ್ಯಂಕ 656 ನ್ಯಾನೋಮೀಟರಿನ ಕೆಂಪು ಬೆಳಕಿಗೆ ಸುಮಾರು 1.514, 486 ನ್ಯಾನೋಮೀಟರಿನ ನೀಲಿಗೆ ಸುಮಾರು 1.522. ವ್ಯತ್ಯಾಸ ಸಣ್ಣದು. ಬೇರೆ ಬೇರೆ ಗಾಜುಗಳನ್ನು ಜೋಡಿಸಿ ತಯಾರಕರು ಅದನ್ನು ಬಹುಪಾಲು ಅಳಿಸುತ್ತಾರೆ ಕೂಡ. ಪೂರ್ತಿ ಅಳಿಸಲು ಆಗುವುದಿಲ್ಲ. ಹಾಗಾಗಿ ಸೆನ್ಸರಿನ ಮೇಲೆ ಬೀಳುವ ಕೆಂಪು, ಹಸಿರು, ನೀಲಿ ಬಿಂಬಗಳ ಅಳತೆ ಕೂದಲೆಳೆಯಷ್ಟು ಬೇರೆಯಾಗಿರುತ್ತದೆ. ಇದಕ್ಕೆ ಲ್ಯಾಟರಲ್ ಕ್ರೊಮ್ಯಾಟಿಕ್ ಅಬರೇಶನ್ ಎನ್ನುತ್ತಾರೆ. ಈ ಪುಟದಲ್ಲಿ ಬಣ್ಣದ ಅಂಚು ಎಂದರೆ ಅದೇ.

ಚಿತ್ರದ ತುಂಬ ಇದು ಒಂದೇ ಥರ ಇರಬೇಕು ಅಂತೀರಿ. ಆದರೆ ಮಧ್ಯದಲ್ಲಿ ಕಾಣುವುದೇ ಇಲ್ಲವಲ್ಲ?

ಒಂದೇ ಥರ ಎಂದರೆ ಒಂದೇ ದಪ್ಪ ಎಂದಲ್ಲ, ಒಂದೇ ನಿಯಮ ಎಂದು. ಹಳೆಯ ಮದುವೆ ಕರೆಯೋಲೆಗಳಲ್ಲಿ ಬಣ್ಣದ ಅಚ್ಚು ಸರಿಯಾಗಿ ಕೂರದೆ ಗಣಪತಿಯ ಚಿತ್ರದ ಪಕ್ಕ ಕೆಂಪು ನೆರಳು ಬಿದ್ದಿರುತ್ತದಲ್ಲ, ಅಲ್ಲಿ ಇಡೀ ಅಚ್ಚು ಒಂದೇ ಕಡೆಗೆ, ಒಂದೇ ಅಳತೆಗೆ ಸರಿದಿರುತ್ತದೆ. ಲೆನ್ಸಿನಲ್ಲಿ ಹಾಗಲ್ಲ. ಕೆಂಪು ಬಿಂಬ ಸರಿಯುವುದಿಲ್ಲ, ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಆದ್ದರಿಂದ ನಟ್ಟನಡುವೆ ಜರುಗು ಸೊನ್ನೆ. ನಡುವಿನಿಂದ ದೂರ ಹೋದಷ್ಟೂ ಹೆಚ್ಚು. ದಿಕ್ಕು ಯಾವಾಗಲೂ ನಡುವಿನಿಂದ ಹೊರಕ್ಕೆ, ಇಲ್ಲವೇ ಹೊರಗಿನಿಂದ ನಡುವಿಗೆ.

ಈ ಹಿಗ್ಗುವಿಕೆಯನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಬಹುದು. ಡಾರ್ಟ್‌ಮತ್ ಕಾಲೇಜಿನ ಮೈಕಾ ಜಾನ್ಸನ್ ಮತ್ತು ಹ್ಯಾನಿ ಫರೀದ್ 2006ರಲ್ಲಿ ತೋರಿಸಿದ್ದು ಇದನ್ನೇ: ಹಸಿರು ಬಿಂಬವನ್ನು ಆಧಾರವಾಗಿಟ್ಟುಕೊಂಡು ಕೆಂಪು ಎಷ್ಟು ಪಟ್ಟು ಹಿಗ್ಗಿದೆ ಎಂದು ಇಡೀ ಚಿತ್ರದಿಂದ ಅಂದಾಜು ಮಾಡಿ, ಆಮೇಲೆ ಚಿತ್ರದ ಒಂದೊಂದು ಭಾಗವೂ ಆ ಅಂದಾಜಿಗೆ ಹೊಂದುತ್ತದೆಯೇ ಎಂದು ನೋಡುವುದು. ಸೂತ್ರ ಇಷ್ಟೇ:

```
xr = a*(xg - x0) + x0
yr = a*(yg - y0) + y0
```

`xg, yg` ಎಂದರೆ ಹಸಿರು ಬಿಂಬದ ಒಂದು ಬಿಂದು, `xr, yr` ಎಂದರೆ ಅದೇ ಬಿಂದು ಕೆಂಪು ಬಿಂಬದಲ್ಲಿ ಬೀಳುವ ಜಾಗ. `x0, y0` ಎಂದರೆ ಲೆನ್ಸಿನ ನಡು. `a` ಎಂದರೆ ಹಿಗ್ಗಿನ ಪ್ರಮಾಣ. ನಿಜವಾದ ಲೆನ್ಸುಗಳು ಇಷ್ಟು ಸಾಧುವಲ್ಲ. ಕೆಲವು ಜೂಮ್‌ಗಳಲ್ಲಿ ಅರ್ಧ ದೂರದವರೆಗೆ ಜರುಗು ಹೆಚ್ಚಿ, ಮೂಲೆಯಲ್ಲಿ ಮತ್ತೆ ಇಳಿಯುವುದೂ ಉಂಟು. ಆದರೂ ನಡುವಿನಿಂದ ಒಂದೇ ದೂರದಲ್ಲಿರುವ ವಸ್ತುಗಳ ಜರುಗು ಹೆಚ್ಚುಕಡಿಮೆ ಒಂದೇ ಇರುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಯಾವ ಬದಿಗೆ ಯಾವ ಬಣ್ಣ ಬರಬೇಕು? ಕಣ್ಣಿನಲ್ಲೇ ನೋಡಿ ಹೇಳಬಹುದೇ?

ಹೇಳಬಹುದು. ಕೆಂಪು ಬಿಂಬ ಹಸಿರಿಗಿಂತ ಸ್ವಲ್ಪ ದೊಡ್ಡದು ಎಂದುಕೊಳ್ಳಿ. ಚಿತ್ರದ ಬಲಗಡೆ ಬಿಳಿ ಆಕಾಶದ ಎದುರು ಕಪ್ಪು ಅಡಿಕೆ ಮರ ನಿಂತಿದೆ. ಕೆಂಪು ಚಾನೆಲ್ಲಿನಲ್ಲಿ ಆ ಮರ ಬಲಕ್ಕೆ, ಅಂದರೆ ಹೊರಕ್ಕೆ ಜರುಗಿದೆ. ಆಗ ಮರದ ಒಳಮಗ್ಗುಲಲ್ಲಿ ಹಸಿರು, ನೀಲಿ ಕಪ್ಪಾಗಿದ್ದು ಕೆಂಪು ಮಾತ್ರ ಬೆಳಗಿರುತ್ತದೆ. ಅಲ್ಲಿ ಕೆಂಪು ಗೆರೆ. ಹೊರಮಗ್ಗುಲಲ್ಲಿ ಕೆಂಪು ಕಪ್ಪಾಗಿ ಹಸಿರು, ನೀಲಿ ಬೆಳಗಿರುತ್ತವೆ. ಅಲ್ಲಿ ಆ ಹಸಿರುನೀಲಿ ಗೆರೆ.

ಎಡಗಡೆಯ ಮರಕ್ಕೆ ಇದು ತಿರುಗುಮುರುಗು. ಹಾಗಾಗಿ ಎಡ, ಬಲ ಎಂದು ನೆನಪಿಡಬೇಡಿ, ಒಳಗೆ, ಹೊರಗೆ ಎಂದು ನೆನಪಿಡಿ. ಈ ಲೆನ್ಸಿನಲ್ಲಿ ಕೆಂಪು ಯಾವಾಗಲೂ ನಡುವಿನ ಕಡೆ ಮುಖ ಮಾಡಿರುತ್ತದೆ. ಇನ್ನೊಂದು ಲೆನ್ಸಿನಲ್ಲಿ ಕೆಂಪು ಹೊರಗೆ ಬರಬಹುದು, ಮತ್ತೊಂದರಲ್ಲಿ ನೀಲಿ ಹಳದಿ ಜೋಡಿ ಕಾಣಬಹುದು. ಜೋಡಿ ಯಾವುದಾದರೂ ಆಗಲಿ, ಒಂದು ಚಿತ್ರದೊಳಗೆ ಒಳಗಿನದು ಒಳಗೇ ಇರಬೇಕು.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. ನಡುವಿನಿಂದ ಹೊರಟ ಗೆರೆಯ ಗುಂಟವೇ ಹೋಗುವ ಅಂಚಿಗೆ ಬಣ್ಣ ಬರುವುದಿಲ್ಲ. ಚಿತ್ರದ ಅರ್ಧ ಎತ್ತರದಲ್ಲಿ ಅಡ್ಡಲಾಗಿ ಹೋಗುವ ಕರೆಂಟ್ ತಂತಿ ತುದಿಯವರೆಗೂ ಕಪ್ಪಾಗಿಯೇ ಇರುತ್ತದೆ. ಪಕ್ಕದಲ್ಲೇ ನಿಂತ ಕಂಬದ ಎರಡೂ ಮಗ್ಗುಲಿಗೆ ಬಣ್ಣ ಬಂದಿರುತ್ತದೆ. ತಂತಿಯಲ್ಲಿ ಬಣ್ಣವಿಲ್ಲ ಎಂದು ತಂತಿಯ ಮೇಲೆ ಸಂಶಯ ಪಡಬಾರದು.

ಒಂದು ಚಿತ್ರವನ್ನು ತೆಗೆದುಕೊಂಡು ಪೂರ್ತಿ ತೋರಿಸುತ್ತೀರಾ?

ಆಗಲಿ. ಹೊಸನಗರದ ಕಡೆಯ ತೋಟವೊಂದರ ಚಿತ್ರ. 24 ಮಿ.ಮೀ. ಲೆನ್ಸು, 6000 x 4000 ಪಿಕ್ಸೆಲ್. ಕೆಳಗೆ ಹಂಚಿನ ಮನೆ, ಎರಡೂ ಬದಿಗೆ ಅಡಿಕೆ ಮರ, ಮೇಲೆ ಹಾಲಿನಂಥ ಆಕಾಶ, ಬಲ ಮೇಲ್ಮೂಲೆಯ ಹತ್ತಿರ ರೆಕ್ಕೆ ಬಿಚ್ಚಿ ಹಾರುತ್ತಿರುವ ದೊಡ್ಡ ಮಂಗಟ್ಟೆ. ನೋಡಿದವರೆಲ್ಲ ಅಬ್ಬಾ ಎನ್ನುವ ಚಿತ್ರ. ನನಗೆ ಮೊದಲು ಅನುಮಾನ ಹುಟ್ಟಿಸಿದ್ದು ಹಕ್ಕಿಯ ಗಾತ್ರ. ಆದರೆ ಗಾತ್ರ ನೋಡಿ ತೀರ್ಪು ಹೇಳಲಾಗದು, ಹಕ್ಕಿ ನಿಜವಾಗಿಯೂ ತಲೆ ಮೇಲೇ ಹಾರಿರಬಹುದು. ಕೆಳಗಿನ ಅಂಕಿಗಳನ್ನು ಲೆಕ್ಕ ಸಲೀಸಾಗಲೆಂದು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲು ಹಕ್ಕಿಯನ್ನು ಮರೆತು, ಅನುಮಾನವಿಲ್ಲದ ವಸ್ತುಗಳನ್ನು ಅಳೆಯಬೇಕು. ಎಡ ಮೇಲ್ಮೂಲೆಯಿಂದ ಬಲಕ್ಕೂ ಕೆಳಕ್ಕೂ ಪಿಕ್ಸೆಲ್ ಎಣಿಸಿದರೆ ಚಿತ್ರದ ನಡು (3000, 2000). ಬಲತುದಿಯಲ್ಲಿ (5600, 1900)ರ ಹತ್ತಿರ ಒಂದು ಮರವಿದೆ, ನಡುವಿನಿಂದ 2600 ಪಿಕ್ಸೆಲ್ ದೂರ. ಅದರ ಕೆಂಪು ಬಿಂಬ ಹಸಿರಿಗಿಂತ 2.6 ಪಿಕ್ಸೆಲ್ ಬಲಕ್ಕಿತ್ತು. ಎಡತುದಿಯಲ್ಲಿ (500, 2100)ರ ಹತ್ತಿರದ ಮರ 2500 ಪಿಕ್ಸೆಲ್ ದೂರ. ಅದರ ಕೆಂಪು 2.5 ಪಿಕ್ಸೆಲ್ ಎಡಕ್ಕಿತ್ತು. ಎರಡೂ ಒಂದೇ ಮಾತು ಹೇಳುತ್ತವೆ: ಸಾವಿರ ಪಿಕ್ಸೆಲ್‌ಗೆ ಒಂದು ಪಿಕ್ಸೆಲ್ ಹಿಗ್ಗು, ಅಂದರೆ `a` = 1.001.

ಈಗ ಹಕ್ಕಿಗೆ ಬರೋಣ. ಅದರ ಬಾಲ ಸುಮಾರು (5000, 500)ರಲ್ಲಿದೆ. ನಡುವಿನಿಂದ 2000 ಪಿಕ್ಸೆಲ್ ಬಲಕ್ಕೆ, 1500 ಪಿಕ್ಸೆಲ್ ಮೇಲಕ್ಕೆ. ಹಾಗಿದ್ದರೆ ಅಲ್ಲಿ ಕೆಂಪು 2 ಪಿಕ್ಸೆಲ್ ಬಲಕ್ಕೂ 1.5 ಪಿಕ್ಸೆಲ್ ಮೇಲಕ್ಕೂ ಜರುಗಿರಬೇಕು. ದೊಡ್ಡ ಮಂಗಟ್ಟೆಯ ಬಿಳಿ ಬಾಲಕ್ಕೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಇರುತ್ತದಲ್ಲ, ಅಳೆಯಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಹಳದಿ ಕೊಕ್ಕನ್ನು ಮುಟ್ಟಬೇಡಿ. ಹಳದಿ ವಸ್ತುವಿನ ನೀಲಿ ಚಾನೆಲ್ ತಾನಾಗಿಯೇ ಕಪ್ಪಾಗಿರುತ್ತದೆ, ಅಂಚಿನ ಬಣ್ಣ ಲೆನ್ಸಿನದೋ ಕೊಕ್ಕಿನದೋ ಗೊತ್ತಾಗುವುದಿಲ್ಲ.

ಪಟ್ಟಿಯ ಅಂಚಿನಲ್ಲಿ ಅಳೆದರೆ ಕೆಂಪು ಕಾಲು ಪಿಕ್ಸೆಲ್ ಎಡಕ್ಕೆ, ಅರ್ಧ ಪಿಕ್ಸೆಲ್ ಕೆಳಕ್ಕೆ ಇತ್ತು. ಇರಬೇಕಾದದ್ದಕ್ಕಿಂತ ತೀರ ಕಡಿಮೆ, ಅದೂ ಉಲ್ಟಾ ದಿಕ್ಕಿಗೆ. ಹಕ್ಕಿಯ ಪಕ್ಕದಲ್ಲೇ (5200, 700)ರಲ್ಲಿ ಒಂದು ಅಡಿಕೆ ಸೋಗೆ ಆಕಾಶಕ್ಕೆ ಚಾಚಿತ್ತು. ಅಲ್ಲಿ 2.2 ಬಲಕ್ಕೆ, 1.3 ಮೇಲಕ್ಕೆ ಬರಬೇಕು. ಬಂದದ್ದು 2.25 ಮತ್ತು 1.25. ಸೋಗೆ ಲೆನ್ಸಿನ ಮಾತು ಕೇಳಿದೆ, ಕೈಯಳತೆಯಲ್ಲಿರುವ ಹಕ್ಕಿ ಕೇಳಿಲ್ಲ.

ಹಕ್ಕಿಯ ಸುತ್ತ ಬಣ್ಣವೇ ಇರಲಿಲ್ಲ ಎಂದಲ್ಲ. ತೆಳು ನೀಲಿ ಛಾಯೆಯೊಂದು ಮೇಲೆ, ಕೆಳಗೆ, ಒಳಗೆ, ಹೊರಗೆ ಎಲ್ಲ ಕಡೆಗೂ ಒಂದೇ ದಪ್ಪದಲ್ಲಿತ್ತು. ಲೆನ್ಸು ಬಿಡುವ ಬಣ್ಣಕ್ಕೆ ಎರಡು ಮಗ್ಗುಲು, ಎರಡು ಬಣ್ಣ. ಸುತ್ತಲೂ ಒಂದೇ ಬಣ್ಣ ಇದ್ದರೆ ಅದು ಸಾಮಾನ್ಯವಾಗಿ ಕತ್ತರಿಸಿ ತರುವಾಗ ಜೊತೆಗೆ ಬಂದ ಹಳೆಯ ಹಿನ್ನೆಲೆ. ಇಲ್ಲಿ ಅದು ಯಾವುದೋ ಬೇಸಿಗೆಯ ನೀಲಿ ಆಕಾಶ. ಹಕ್ಕಿಯನ್ನು ಟೆಲಿ ಲೆನ್ಸಿನಲ್ಲಿ, ಚೌಕಟ್ಟಿನ ನಡುವೆ ಇಟ್ಟು ತೆಗೆದಿರಬೇಕು, ಆಮೇಲೆ ಕುಗ್ಗಿಸಿ ಇಲ್ಲಿ ತಂದಿರಬೇಕು. ನಡುವೆ ಇದ್ದದ್ದಕ್ಕೆ ಜರುಗು ಹೆಚ್ಚೇನೂ ಇರುವುದಿಲ್ಲ, ಕುಗ್ಗಿಸಿದಾಗ ಇದ್ದದ್ದೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಕಾಲು ಪಿಕ್ಸೆಲ್ ಅಳೆಯುವುದು ಹೇಗೆ? ದುಬಾರಿ ಸಾಫ್ಟ್‌ವೇರ್ ಬೇಕೇ?

ಬೇಡ. ಉಚಿತವಾಗಿ ಸಿಗುವ ImageMagick ಮತ್ತು GIMP ಸಾಕು. ಬೇಕಾದ ಜಾಗವನ್ನು ಮಾತ್ರ ಕತ್ತರಿಸಿ ಎಂಟು ಪಟ್ಟು ದೊಡ್ಡದು ಮಾಡಿ:

```
magick photo.jpg -crop 160x160+4920+420 +repage -filter Triangle -resize 800% bala.png
```

ಈಗ ಒಂದು ಪಿಕ್ಸೆಲ್ ಎಂಟು ಹೆಜ್ಜೆಯಾಯಿತು. `bala.png` ಅನ್ನು GIMP ನಲ್ಲಿ ತೆರೆದು Colors > Components > Decompose ಒತ್ತಿ, RGB ಆರಿಸಿ, Decompose to layers ಟಿಕ್ ಇರಲಿ. ಮೂರು ಬೂದು ಪದರಗಳು ಬರುತ್ತವೆ. ನೀಲಿಯನ್ನು ಮರೆಮಾಡಿ. ಕೆಂಪನ್ನು ಹಸಿರಿನ ಮೇಲಿಟ್ಟು ಅದರ ಮೋಡ್ ಅನ್ನು Difference ಮಾಡಿ. ಎರಡೂ ಹೊಂದದ ಕಡೆ ಬೆಳ್ಳನೆಯ ಗೆರೆ ಉಳಿಯುತ್ತದೆ. ಮೂವ್ ಟೂಲ್ ಹಿಡಿದು ಬಾಣದ ಕೀಲಿಯಿಂದ ಕೆಂಪು ಪದರವನ್ನು ಒಂದೊಂದೇ ಹೆಜ್ಜೆ ಸರಿಸಿ. ಗೆರೆ ಅತಿ ಹೆಚ್ಚು ಕಪ್ಪಾದಾಗ ನಿಲ್ಲಿಸಿ ಹೆಜ್ಜೆ ಎಣಿಸಿ, ಎಂಟರಿಂದ ಭಾಗಿಸಿ. ಎಡಕ್ಕೆ 18 ಹೆಜ್ಜೆ ಸರಿಸಬೇಕಾಯಿತೆಂದರೆ ಕೆಂಪು 2.25 ಪಿಕ್ಸೆಲ್ ಬಲಕ್ಕಿತ್ತು ಎಂದರ್ಥ.

ನೆಟ್ಟಗೆ ನಿಂತ ಮರ ಎಡಬಲದ ಜರುಗನ್ನು ಮಾತ್ರ ಹೇಳುತ್ತದೆ, ಮೇಲೆಕೆಳಗಿನದನ್ನು ಹೇಳುವುದಿಲ್ಲ. ಎರಡೂ ಬೇಕಾದರೆ ಸೋಗೆಯ ತುದಿಯಂತೆ ಹಲವು ದಿಕ್ಕಿಗೆ ಅಂಚಿರುವ ಜಾಗ ಹುಡುಕಿ. ಒಂದೇ ಜಾಗ ಅಳೆದು ಮುಗಿಸಬೇಡಿ. ನಾಲ್ಕೂ ಮೂಲೆಯಲ್ಲಿ ಒಂದೊಂದಾದರೂ ಬೇಕು.

ಹಕ್ಕಿ ದೂರದಲ್ಲಿತ್ತು, ಹಾರುತ್ತಿತ್ತು. ಅದಕ್ಕೇ ಬೇರೆ ಕಂಡಿರಬಹುದಲ್ಲ?

ಮಂಗಟ್ಟೆ ಕಳಿಸಿದವರು ಕೇಳಿದ್ದೂ ಇದನ್ನೇ. ಪ್ರಶ್ನೆ ನ್ಯಾಯವಾದದ್ದು. ಫೋಕಸ್ ದೂರ ಬದಲಾದರೆ ಜರುಗು ಸ್ವಲ್ಪ ಬದಲಾಗುತ್ತದೆ ನಿಜ. ಆದರೆ ಒಂದು ಚಿತ್ರದಲ್ಲಿ ಲೆನ್ಸಿನ ಫೋಕಸ್ ಒಂದೇ ಕಡೆ ನಿಂತಿರುತ್ತದೆ. 24 ಮಿ.ಮೀ. ಲೆನ್ಸಿಗೆ ಹತ್ತು ಮೀಟರಿನ ಮರವೂ ನೂರು ಮೀಟರಿನ ಹಕ್ಕಿಯೂ ಹೆಚ್ಚುಕಡಿಮೆ ಒಂದೇ ಲೆಕ್ಕ. ರೆಕ್ಕೆ ಬಡಿದು ಅಂಚು ಕಲಸಿದ್ದರೆ ಮೂರೂ ಬಣ್ಣ ಒಟ್ಟಿಗೆ ಕಲಸುತ್ತವೆ. ಅಂಚು ಮಸುಕಾಗುತ್ತದೆ, ಅಳತೆ ಅಷ್ಟು ನಿಖರ ಬರುವುದಿಲ್ಲ. ಆದರೆ ಜರುಗಿನ ದಿಕ್ಕು ಉಲ್ಟಾ ಆಗುವುದಿಲ್ಲ.

ಆಗುಂಬೆ ಕಡೆಯ ಮಂಜು ಮಾತ್ರ ಕಾಟ ಕೊಡುತ್ತದೆ. ಹಕ್ಕಿ ಮಂಜಿನಲ್ಲಿ ಅರ್ಧ ಕರಗಿದ್ದರೆ ಕಪ್ಪು ಬಿಳುಪಿನ ವ್ಯತ್ಯಾಸವೇ ಉಳಿಯುವುದಿಲ್ಲ, ಅಳೆಯಲು ಅಂಚೇ ಇರುವುದಿಲ್ಲ. ಅಂಥ ಚಿತ್ರವನ್ನು ಈ ದಾರಿಯಿಂದ ತೀರ್ಮಾನಿಸಲು ಹೋಗಬೇಡಿ.

ನನ್ನ ಚಿತ್ರದಲ್ಲಿ ನಡುವೆಯೇ ಎಲೆಗಳ ಸುತ್ತ ನೇರಳೆ ಬಣ್ಣ ಬಂದಿದೆ. ಹಾಗಾದರೆ ಅದು ನಕಲಿಯೇ?

ಅಲ್ಲ, ಅದು ಬೇರೆಯದೇ ಕಥೆ. ಎಫ್ 1.8ರಂತೆ ಲೆನ್ಸು ಪೂರ್ತಿ ತೆರೆದು ತೆಗೆದಾಗ ಬಣ್ಣಗಳು ಬೇರೆ ಬೇರೆ ದೂರದಲ್ಲಿ ಫೋಕಸ್ ಆಗುತ್ತವೆ. ಇದಕ್ಕೆ ಆಕ್ಸಿಯಲ್ ಅಬರೇಶನ್ ಎಂದು ಹೆಸರು. ಸಾಮಾನ್ಯವಾಗಿ ಫೋಕಸ್‌ಗಿಂತ ಮುಂದಿರುವ ವಸ್ತುಗಳ ಅಂಚು ನೇರಳೆಗೆ, ಹಿಂದಿರುವವು ಹಸಿರಿಗೆ ತಿರುಗುತ್ತವೆ. ಅದಕ್ಕೆ ನಡು, ಮೂಲೆ ಎಂಬ ಭೇದವಿಲ್ಲ, ಅಂಚಿನ ಸುತ್ತಲೂ ಬರಬಹುದು. ಎಫ್ 8ಕ್ಕೆ ಮುಚ್ಚಿದರೆ ಅದು ಬಹಳಷ್ಟು ಮಾಯ. ಲ್ಯಾಟರಲ್ ಅಂಚು ಮಾತ್ರ ಎಫ್ 8ರಲ್ಲೂ ಹಾಗೆಯೇ ಇರುತ್ತದೆ. ಹಾಗಾಗಿ ಪರೀಕ್ಷೆಗೆ ಚೊಕ್ಕವಾಗಿ ಫೋಕಸ್ ಆದ ಅಂಚುಗಳನ್ನೇ ಆರಿಸಿಕೊಳ್ಳಬೇಕು. ಮಂಗಟ್ಟೆಯ ಚಿತ್ರ ಎಫ್ 8ರದ್ದು, ಆ ಅನುಮಾನಕ್ಕೆ ಜಾಗವಿರಲಿಲ್ಲ.

ಜೋಗದ ಚಿತ್ರದಲ್ಲಿ ನೀರಿನ ಅಂಚಿಗೆ ಏಳು ಬಣ್ಣ ಕಾಣುತ್ತದೆ?

ಅದು ಕಾಮನಬಿಲ್ಲು. ಅಳೆಯಬೇಡಿ, ಆನಂದಿಸಿ.

ಗೆರೆಗಳ ಬಾಗು ನೋಡಿ ಹೇಗೆ ಹೇಳುವುದು?

ವೈಡ್ ಲೆನ್ಸುಗಳು ಸಾಮಾನ್ಯವಾಗಿ ನೆಟ್ಟಗಿನ ಗೆರೆಯನ್ನು ಹೊರಕ್ಕೆ ಉಬ್ಬಿಸುತ್ತವೆ. ಇದಕ್ಕೆ ಬ್ಯಾರೆಲ್ ಡಿಸ್ಟಾರ್ಷನ್ ಎನ್ನುತ್ತಾರೆ. ನಡುವಿನ ಮೂಲಕ ಹಾದುಹೋಗುವ ಗೆರೆ ಬಾಗುವುದಿಲ್ಲ, ದೂರ ಇದ್ದಷ್ಟೂ ಹೆಚ್ಚು ಬಾಗುತ್ತದೆ. ಇದೂ ನಡುವನ್ನೇ ಹಿಡಿದು ನಡೆಯುವ ನಿಯಮ.

ಮೂಲೆಯಲ್ಲಿ ನೂರಕ್ಕೆ 2ರಷ್ಟು ಬ್ಯಾರೆಲ್ ಇರುವ ಲೆನ್ಸಿನಲ್ಲಿ, ಇದೇ 6000 x 4000 ಚಿತ್ರದಲ್ಲಿ, ನಡುವಿನಿಂದ 1500 ಪಿಕ್ಸೆಲ್ ಮೇಲೆ 4000 ಪಿಕ್ಸೆಲ್ ಉದ್ದದ ಶೀಟಿನ ಮಾಡಿನ ಅಂಚೊಂದು ಅಡ್ಡಲಾಗಿ ಹೋಗುತ್ತದೆ ಎಂದುಕೊಳ್ಳಿ. ಅದರ ಎರಡು ತುದಿಗೆ ನೇರ ಗೆರೆ ಎಳೆದರೆ ನಡುಭಾಗ ಸುಮಾರು 9 ಪಿಕ್ಸೆಲ್ ಮೇಲಕ್ಕೆ ಉಬ್ಬಿರುತ್ತದೆ. ಕಣ್ಣಿಗೆ ಹೊಳೆಯುವುದಿಲ್ಲ, GIMP ನ ಗೈಡ್ ಗೆರೆ ಪಕ್ಕಕ್ಕಿಟ್ಟರೆ ಗೊತ್ತಾಗುತ್ತದೆ. ಅದೇ ಎತ್ತರದಲ್ಲಿ ಅಷ್ಟೇ ಉದ್ದದ ಇನ್ನೊಂದು ಮಾಡು ಗೆರೆ ಎಳೆದಂತೆ ನೇರವಾಗಿದ್ದರೆ, ಅಥವಾ ಒಳಕ್ಕೆ ಬಾಗಿದ್ದರೆ, ಅದು ಬೇರೆ ಚಿತ್ರದಿಂದ ಬಂದದ್ದೇ ಇರಬೇಕು.

ನಮ್ಮ ಕಡೆ ಇದರ ತೊಡಕು ಏನೆಂದರೆ ನಿಜವಾಗಿಯೂ ನೇರವಾದ ವಸ್ತುಗಳೇ ಕಡಿಮೆ. ಅಡಿಕೆ ಮರ ಬೆಳಕಿನ ಕಡೆ ಬಾಗುತ್ತದೆ, ತಂತಿ ಜೋಲುತ್ತದೆ, ಹಳೆಯ ಹಂಚಿನ ಮಾಡಿನ ಪಕಾಸಿ ಕುಸಿದು ಸೊಂಟ ಬಾಗಿರುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಜಗತಿಯೋ ಹೊಸ ಕಾಂಕ್ರೀಟ್ ಕಟ್ಟಡವೋ ಚಿತ್ರದಲ್ಲಿದ್ದರೆ ಸರಿ. ಇಲ್ಲದಿದ್ದರೆ ನಾನು ಬಾಗಿಗಿಂತ ಬಣ್ಣದ ಅಂಚನ್ನೇ ನಂಬುತ್ತೇನೆ. ಹಕ್ಕಿ, ಆನೆ, ಮನುಷ್ಯರಿಗೆ ನೆಟ್ಟಗಿನ ಗೆರೆ ಇರುವುದಿಲ್ಲ, ಅಂಚಂತೂ ಇದ್ದೇ ಇರುತ್ತದೆ.

ಬೇರೆ ಚಿತ್ರದಿಂದ ಅಲ್ಲ, ಅದೇ ಚಿತ್ರದಿಂದಲೇ ನಕಲು ಮಾಡಿ ಅಂಟಿಸಿದರೆ ಸಿಗುತ್ತದೆಯೇ?

ಬಹಳ ಸಲ ಸಿಗುತ್ತದೆ. ಬಲಗಡೆಯ ಕರೆಂಟ್ ಕಂಬ ಮುಚ್ಚಲು ಎಡಗಡೆಯ ಅಡಿಕೆ ಮರವನ್ನು ಎತ್ತಿ ತಂದಿಟ್ಟರು ಎನ್ನಿ. ಎಡಗಡೆ ಇದ್ದಾಗ ಅದರ ಕೆಂಪು ಗೆರೆ ಬಲಮಗ್ಗುಲಿಗಿತ್ತು, ಅಂದರೆ ಒಳಕ್ಕೆ. ತಂದಿಟ್ಟ ಮೇಲೂ ಬಲಮಗ್ಗುಲಿಗೇ ಇದೆ. ಈಗ ಅದು ಹೊರಕ್ಕಾಯಿತು. ಅಕ್ಕಪಕ್ಕದ ಮರಗಳ ಕೆಂಪು ಒಳಗೆ ನೋಡುತ್ತಿದ್ದರೆ ಇದೊಂದು ಮಾತ್ರ ಬೆನ್ನು ತಿರುಗಿಸಿ ನಿಂತಿರುತ್ತದೆ. ದೊಡ್ಡದು ಮಾಡಿ ನೋಡಿದರೆ ಸಾಕು, ಲೆಕ್ಕವೂ ಬೇಡ.

ಆದರೆ ಅದೇ ಮರವನ್ನು ಎಡಬಲ ಮಗುಚಿ, ನಡುವಿನಿಂದ ಅಷ್ಟೇ ದೂರಕ್ಕೆ ಇಟ್ಟರೆ ಬಣ್ಣವೂ ಮಗುಚಿಕೊಂಡು ಸರಿಯಾಗಿ ಕೂರುತ್ತದೆ. ಈ ಪರೀಕ್ಷೆ ಅಲ್ಲಿ ಸೋಲುತ್ತದೆ. ಆಗ ಬೆಳಕಿನ ದಿಕ್ಕು ನೋಡಬೇಕು, ಎರಡು ಮರಗಳ ಮೇಲಿನ ಕಲೆಗಳು ಒಂದರ ಕನ್ನಡಿ ಬಿಂಬ ಇನ್ನೊಂದಾಗಿದೆಯೇ ಎಂದು ನೋಡಬೇಕು.

ಕ್ರಾಪ್ ಮಾಡಿದ ಚಿತ್ರಕ್ಕೆ ಏನು ಮಾಡುವುದು?

ಕ್ರಾಪ್ ಮಾಡಿದರೆ ಚಿತ್ರದ ನಡು ಬೇರೆ, ಲೆನ್ಸಿನ ನಡು ಬೇರೆ. ಬಣ್ಣದ ಜರುಗು ಸೊನ್ನೆಯಾಗುವ ಜಾಗವನ್ನು ಮೊದಲು ಹುಡುಕಿ ಅದನ್ನೇ ನಡು ಎಂದು ಹಿಡಿಯಬೇಕು. ಅದು ಚಿತ್ರದ ಒಂದು ಮೂಲೆಯಲ್ಲೂ ಇರಬಹುದು, ಚಿತ್ರದ ಹೊರಗೂ ಇರಬಹುದು. ಎಲ್ಲ ವಸ್ತುಗಳೂ ಆ ಒಂದೇ ನಡುವನ್ನು ತೋರಿಸುತ್ತಿದ್ದರೆ ಕ್ರಾಪ್ ಮಾಡಿದ್ದಾರೆ ಅಷ್ಟೇ, ಮೋಸವೇನಿಲ್ಲ. ಎರಡು ನಡು ಸಿಕ್ಕರೆ ಎರಡು ಚಿತ್ರ. ಒಂದು ಎಚ್ಚರಿಕೆ: ಕೈ ನಡುಕ ತಡೆಯುವ ವ್ಯವಸ್ಥೆ ಲೆನ್ಸಿನ ಗಾಜನ್ನೋ ಸೆನ್ಸರನ್ನೋ ಸರಿಸುವುದರಿಂದ, ಕ್ರಾಪ್ ಮಾಡದ ಚಿತ್ರದಲ್ಲೂ ನಡು ಸ್ವಲ್ಪ ಆಚೀಚೆ ಇರುತ್ತದೆ. ಪಿಕ್ಸೆಲ್ ಎಣಿಸಿ ಜಗಳಕ್ಕೆ ನಿಲ್ಲಬೇಡಿ.

ಹಲವು ಫ್ರೇಮ್ ಜೋಡಿಸಿದ ಪನೋರಮಾಗಳಲ್ಲಿ ಒಂದೊಂದು ತುಂಡಿಗೂ ಅದರದೇ ನಡು ಇರುತ್ತದೆ. ಅವುಗಳಿಗೆ ಈ ಪರೀಕ್ಷೆ ಹಚ್ಚುವುದೇ ತಪ್ಪು.

ವಾಟ್ಸಾಪ್‌ನಲ್ಲಿ ಬಂದ ಚಿತ್ರ ನೋಡಿ ಹೇಳುತ್ತೀರಾ?

ಇಲ್ಲ. "ಘಾಟಿಯಲ್ಲಿ ಹುಲಿ ಕೂತಿದೆಯಂತೆ, ನಿಜವಾ ನೋಡಿ ಹೇಳಿ ಸಾರ್" ಎಂದು ಬರುವ ಚಿತ್ರಗಳಿಗೆ ನನ್ನ ಉತ್ತರ ಇದೇ. 6000 ಪಿಕ್ಸೆಲ್ ಅಗಲದ ಚಿತ್ರ 1600ಕ್ಕೆ ಇಳಿದರೆ 2.5 ಪಿಕ್ಸೆಲ್ ಜರುಗು 0.7ಕ್ಕಿಂತ ಕಡಿಮೆಯಾಗುತ್ತದೆ. ಅದರ ಮೇಲೆ ಜೆಪೆಗ್ ಒತ್ತುವಾಗ ಬಣ್ಣದ ಮಾಹಿತಿಯನ್ನು ಸಾಮಾನ್ಯವಾಗಿ ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾಡಿಯೇ ಇಡುತ್ತಾರೆ, ಬೆಳಕು ಕತ್ತಲೆಯನ್ನು ಮಾತ್ರ ಪೂರ್ತಿ ಇಡುತ್ತಾರೆ. ನಾವು ಹುಡುಕುತ್ತಿರುವುದೇ ಒಂದೆರಡು ಪಿಕ್ಸೆಲ್ ಅಗಲದ ಬಣ್ಣ. ನಾಲ್ಕು ಗುಂಪು ದಾಟಿ ಬಂದ ಮೇಲೆ ಉಳಿಯುವುದೇನು? ಗೆರೆಗಳ ಬಾಗು ಮಾತ್ರ ಕುಗ್ಗಿಸಿದರೂ ಅದೇ ಪ್ರಮಾಣದಲ್ಲಿ ಉಳಿಯುತ್ತದೆ. ಹುಲಿಯ ಪಕ್ಕದ ತಡೆಗೋಡೆ ನೋಡಿ ಏನಾದರೂ ಹೇಳಬಹುದೇನೋ, ಹುಲಿಯನ್ನು ನೋಡಿ ಆಗದು.

ಈಗಿನ ಕ್ಯಾಮೆರಾ, ಮೊಬೈಲುಗಳು ಇದನ್ನೆಲ್ಲ ತಾವೇ ಅಳಿಸುತ್ತವಂತೆ?

ಹೌದು. ಹೊಸ ಕ್ಯಾಮೆರಾಗಳಲ್ಲಿ ಹಲವು ಜೆಪೆಗ್ ಮಾಡುವಾಗಲೇ ಬಣ್ಣದ ಅಂಚನ್ನೂ ಬಾಗನ್ನೂ ತಿದ್ದಿಬಿಡುತ್ತವೆ. ಮೊಬೈಲುಗಳು ಹಲವು ಫ್ರೇಮ್ ಬೆರೆಸಿ ಒಂದು ಚಿತ್ರ ಮಾಡುತ್ತವೆ. ಲೈಟ್‌ರೂಮಿನಲ್ಲಿ Remove Chromatic Aberration ಟಿಕ್ ಮಾಡಿದರೂ ಅಷ್ಟೇ. ಆದ್ದರಿಂದ ಚಿತ್ರದಲ್ಲಿ ಎಲ್ಲೂ ಬಣ್ಣದ ಅಂಚಿಲ್ಲ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ.

ಅಸಂಗತತೆ ಮಾತ್ರ ಸಾಕ್ಷಿ. ಇಡೀ ಚಿತ್ರ ತಿದ್ದಿ ಚೊಕ್ಕವಾಗಿದ್ದು ಆನೆಯೊಂದರ ಬೆನ್ನಿಗೆ ಮಾತ್ರ ಕೆಂಪು ಹಸಿರುನೀಲಿ ಅಂಚು ಇದ್ದರೆ, ಆ ಆನೆ ಎಲ್ಲಿಂದ ಬಂತು ಎಂದು ಕೇಳಲೇಬೇಕು. Defringe ಸ್ಲೈಡರ್ ಎಳೆದ ಚಿತ್ರಗಳಲ್ಲಿ ಇನ್ನೊಂದು ಗೋಜಲು: ಅದು ಚಾನೆಲ್ಲುಗಳನ್ನು ಹೊಂದಿಸುವುದಿಲ್ಲ, ಅಂಚಿನ ನೇರಳೆ, ಹಸಿರನ್ನು ಬೂದು ಮಾಡಿಬಿಡುತ್ತದೆ. ಅಂಥ ಕಡೆ ಅಳತೆ ದಾರಿ ತಪ್ಪಿಸುತ್ತದೆ.

ಅಂಟಿಸುವವನಿಗೂ ಇದು ಗೊತ್ತಿದ್ದರೆ?

ಗೊತ್ತಿದ್ದವನು ಸಿಗುವುದಿಲ್ಲ. ಸಿನಿಮಾದ ವಿಎಫ್ಎಕ್ಸ್ ಕೆಲಸದಲ್ಲಿ ಇದು ದಿನನಿತ್ಯದ ಕ್ರಮ: ಮೊದಲು ಮೂಲ ದೃಶ್ಯದ ಬಾಗನ್ನು ಬಿಡಿಸಿ ನೇರ ಮಾಡುತ್ತಾರೆ, ಬೇಕಾದದ್ದನ್ನು ಸೇರಿಸುತ್ತಾರೆ, ಆಮೇಲೆ ಅದೇ ಲೆನ್ಸಿನ ಬಾಗನ್ನು ಎಲ್ಲದಕ್ಕೂ ಒಟ್ಟಿಗೆ ಮರಳಿ ಕೊಡುತ್ತಾರೆ. ಬಣ್ಣದ ಅಂಚನ್ನೂ ಹಾಗೇ ಸೇರಿಸಬಹುದು. ಹಾಗಾಗಿ ಅಂಚುಗಳು ಹೊಂದದಿದ್ದರೆ ಅಂಟಿಸಿರುವ ಸಂಭವ ಬಲವಾಗಿದೆ ಎನ್ನಬಹುದು. ಹೊಂದಿದರೆ ಚಿತ್ರ ಅಸಲಿ ಎನ್ನಲಾಗದು. ನಾನು ವರದಿಯಲ್ಲಿ "ಈ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ" ಎಂದಷ್ಟೇ ಬರೆಯುವುದು.

ಸ್ಪರ್ಧೆ ನಡೆಸುವವರು ನಿಯಮದಲ್ಲಿ ಏನು ಸೇರಿಸಬೇಕು?

ಅಂತಿಮ ಸುತ್ತಿಗೆ ಬಂದವರಿಂದ ರಾ ಫೈಲ್ ಕೇಳಿ, ಅದರ ಜೊತೆ ಅದೇ ಜಾಗದಲ್ಲಿ ಹಿಂದೆ ಮುಂದೆ ತೆಗೆದ ಒಂದೆರಡು ಫ್ರೇಮ್ ಕೇಳಿ. ರಾ ಫೈಲಿನಲ್ಲಿ ಲೆನ್ಸಿನ ದೋಷಗಳು ಬಹುಮಟ್ಟಿಗೆ ತಿದ್ದದೆ ಉಳಿದಿರುತ್ತವೆ. ತೆರೆಯುವಾಗ ಸಾಫ್ಟ್‌ವೇರ್ ತಾನಾಗಿ ತಿದ್ದದಂತೆ Enable Profile Corrections ಮತ್ತು Remove Chromatic Aberration ಎರಡನ್ನೂ ತೆಗೆದಿಡಿ. ಕೆಲವು ಕ್ಯಾಮೆರಾಗಳ ರಾ ಫೈಲಿನಲ್ಲಿ ತಿದ್ದುಪಡಿಯ ಸೂಚನೆ ಒಳಗೇ ಅಡಗಿದ್ದು, ಕೆಲವು ಸಾಫ್ಟ್‌ವೇರ್ ಕೇಳದೆಯೇ ಅದನ್ನು ಹಾಕಿಬಿಡುತ್ತವೆ. ಹಾಗೆ ಅನಿಸಿದರೆ ಇನ್ನೊಂದು ಸಾಫ್ಟ್‌ವೇರಿನಲ್ಲಿ ತೆರೆದು ಹೋಲಿಸಿ.

ರಾ ಇಲ್ಲದವರನ್ನು ಆ ಕಾರಣಕ್ಕೇ ಹೊರಗಿಡುವುದು ನನಗೆ ಸರಿ ಕಾಣುವುದಿಲ್ಲ, ಜೆಪೆಗ್‌ನಲ್ಲೇ ತೆಗೆಯುವ ಒಳ್ಳೆಯ ಛಾಯಾಗ್ರಾಹಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಂದ ಕ್ಯಾಮೆರಾದಿಂದ ನೇರ ಬಂದ, ಕುಗ್ಗಿಸದ ಫೈಲನ್ನು ಇಮೇಲ್ ಇಲ್ಲವೇ ಪೆನ್‌ಡ್ರೈವಿನಲ್ಲಿ ತರಿಸಿಕೊಳ್ಳಿ. ಆಮೇಲೂ ಅನುಮಾನ ಉಳಿದರೆ ಅದೇ ಕ್ಯಾಮೆರಾ, ಅದೇ ಲೆನ್ಸು, ಅದೇ ಜೂಮ್ ಮತ್ತು ಅಪರ್ಚರಿನಲ್ಲಿ ಬಿಳಿ ಆಕಾಶದ ಎದುರು ಮರಗಳ ಒಂದು ಚಿತ್ರ ತೆಗೆದುಕೊಡಿ ಎಂದು ಕೇಳಿ. ಆ ಚಿತ್ರದಿಂದ `a` ಲೆಕ್ಕ ಹಾಕಿ, ಸ್ಪರ್ಧೆಯ ಚಿತ್ರದ್ದಕ್ಕೆ ಹೋಲಿಸಿ. ಮಂಗಟ್ಟೆಯ ಚಿತ್ರದವರಿಗೆ ಇದನ್ನು ಕೇಳಿದ ಮೇಲೆ ಅವರು ಚಿತ್ರವನ್ನು ವಾಪಸ್ ತೆಗೆದುಕೊಂಡರು.